ಸಹಾಯ ಬೇಕು: ಡಿಕ್ರಿ ಇಲ್ಲದೆ ಕಂಪನಿ ಹೆಸರು ವಾಪಸ್ ಕೇಳಬಹುದಾ?

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರಿಗೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಬಾಕಿ ಬರಬೇಕು. ವಸೂಲಿ ದಾವೆ ನಡೆದಿರುವಾಗಲೇ, 2019ರಲ್ಲಿ, ರಿಟರ್ನ್ ಹಾಕಿಲ್ಲವೆಂದು ರಿಜಿಸ್ಟ್ರಾರ್ ಕಂಪನಿಯ ಹೆಸರನ್ನು ಕಂಪನಿಗಳ ರಿಜಿಸ್ಟರಿನಿಂದ ತೆಗೆದಿದ್ದಾರೆ.

ಕಂಪನಿ ಕಾಯ್ದೆ 2013ರ ಸೆಕ್ಷನ್ 252(1)ರಡಿ ಮೇಲ್ಮನವಿಗೆ ಇದ್ದ ಮೂರು ವರ್ಷ ಮುಗಿದುಹೋಯಿತು. ಅದಕ್ಕೇ ಹೆಸರು ಮತ್ತೆ ಸೇರಿಸಲು 252(3)ರಡಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಅರ್ಜಿ ಬರೆಸಿದ್ದೇವೆ. ಅಲ್ಲಿ ಗೆಜೆಟ್ ಪ್ರಕಟಣೆಯಿಂದ 20 ವರ್ಷ ಅವಕಾಶವಿದೆ. ಕಂಪನಿ, ಷೇರುದಾರ, ಹಣ ಬರಬೇಕಾದವರು, ಕಾರ್ಮಿಕ, ಇವರಲ್ಲಿ ಯಾರಾದರೂ ಹಾಕಬಹುದು. (ಬರೀ ಡೈರೆಕ್ಟರ್ ಆಗಿದ್ದವರ ಹೆಸರು ಆ ಪಟ್ಟಿಯಲ್ಲಿಲ್ಲ, ಅದನ್ನೇ ಹಲವರು ಮರೆಯುತ್ತಾರೆ.)

ಹೆಸರು ತೆಗೆದ ತಿಂಗಳಲ್ಲೂ ಕಂಪನಿ ವ್ಯವಹಾರ ಮಾಡುತ್ತಿತ್ತು ಎನ್ನಲು ಜಿಎಸ್‌ಟಿ ಬಿಲ್ಲು, ಲಾರಿಯ ತೂಕದ ಚೀಟಿ ಇವೆ. ಆದರೆ ಬಾಕಿಯನ್ನೇ ಕಂಪನಿಯವರು ಒಪ್ಪುತ್ತಿಲ್ಲ, ಡಿಕ್ರಿಯೂ ಆಗಿಲ್ಲ.

ಇಂಥ ತಕರಾರಿನ ಬಾಕಿ ಇಟ್ಟುಕೊಂಡೇ ಅರ್ಜಿ ನಿಲ್ಲುತ್ತದಾ, ಅಥವಾ ಡಿಕ್ರಿವರೆಗೆ ಕಾಯಬೇಕಾ? ಇಂಥ ಕೇಸು ನಡೆಸಿದವರು ತಿಳಿಸಿ.