ಕೆಂಪಾದ ಪ್ಯಾರಾ ಮತ್ತು ಅರ್ಧ ಗ್ರಾಂ ಮಣ್ಣು

ಪ್ರಶ್ನೆ, ಮಂಡ್ಯದಿಂದ: ಮದ್ದೂರು ಕಡೆಯ ಕಬ್ಬಿನ ಹೊಲಗಳ ಮಣ್ಣಿನ ಮೇಲೆ ನನ್ನ ಥೀಸಿಸ್. ಹೋಲಿಕೆ ವರದಿಯಲ್ಲಿ ಒಟ್ಟು ಶೇ. 17 ಬಂದಿದೆ, ಅದರಲ್ಲಿ ಬಹುಪಾಲು ಮೆಥಡ್ಸ್ ಅಧ್ಯಾಯದ್ದೇ. ಸಾವಯವ ಇಂಗಾಲದ ಪ್ಯಾರಾ ಪೂರ್ತಿ ಕೆಂಪು. ವಿಧಾನವನ್ನು ಬದಲಾಯಿಸೋಕೆ ಆಗಲ್ಲ, ಪದಗಳನ್ನು ಹೇಗೆ ಬದಲಾಯಿಸಲಿ? ಅನುಭವ ಇದ್ದವರು ಹೇಳಿ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿ: ಅಕ್ಕ, ಗಾಬರಿ ಬೇಡ. ಯುಜಿಸಿಯ 2018ರ ನಿಯಮದಲ್ಲಿ ಸತತ 14 ಪದಗಳವರೆಗೆ ಹೊಂದಿದರೆ ಲೆಕ್ಕಕ್ಕಿಲ್ಲ. ಅದಕ್ಕೇ ನಾನು ಪ್ರತಿ ವಾಕ್ಯವನ್ನೂ 14 ಪದದೊಳಗೆ ಮುರಿದೆ. ಮಧ್ಯೆ ಮಧ್ಯೆ ಸಮಾನಾರ್ಥಕ ಪದ ಹಾಕಿದೆ. ಶೇ. 10ಕ್ಕಿಂತ ಕೆಳಗೆ ಬಂತು, ಮುಗಿಯಿತು.

ಮೈಸೂರು, ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ಬಹಳ ವರ್ಷ ಇದ್ದವರು: 14 ಪದಗಳ ಮಾತು ನಿಜ, ಆದರೆ ಅರ್ಧ ಮಾತ್ರ. ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ, ಆಕಸ್ಮಿಕವಾಗಿ ಹೊಂದಿಕೊಂಡ ಪದಗಳಿಗೆ ಆ ರಿಯಾಯಿತಿ ಇದೆ. ಬೇರೆಯವರ ಪ್ಯಾರಾವನ್ನು 14ರ ತುಂಡು ಮಾಡಿಕೊಳ್ಳೋಕೆ ಅಲ್ಲ. ಶೇ. 10ರವರೆಗೆ ದಂಡ ಇಲ್ಲ. 10ರಿಂದ 40ರ ಮಧ್ಯೆ ಬಂದರೆ ಗಡುವಿನೊಳಗೆ ತಿದ್ದಿ ಕೊಡಬೇಕು, ಆ ಗಡುವು ಆರು ತಿಂಗಳು ದಾಟುವಂತಿಲ್ಲ. ಹಾಗಾಗಿ ತಿದ್ದೋಕೆ ನಿಮಗೆ ಸಮಯ ಇದೆ.

ಸಮಾನಾರ್ಥಕ ಪದಗಳ ಕಾಟ ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಹುಡುಗ 'ಬ್ಲ್ಯಾಂಕ್' ಇದ್ದ ಕಡೆಯೆಲ್ಲ 'ಎಂಪ್ಟಿ' ಅಂತ ಹಾಕಿದ್ದ. ಬ್ಲ್ಯಾಂಕ್ ಅಂದರೆ ಮಣ್ಣೊಂದನ್ನು ಬಿಟ್ಟು ಉಳಿದ ಎಲ್ಲ ರಾಸಾಯನಿಕವೂ ಇರುವ ಫ್ಲಾಸ್ಕ್. ಅವನ ಥೀಸಿಸ್ ಓದಿದವರಿಗೆ ಖಾಲಿ ಫ್ಲಾಸ್ಕನ್ನು ಟೈಟ್ರೇಟ್ ಮಾಡಿದ ಹಾಗೆ ಕಾಣುತ್ತಿತ್ತು! ರಾಸಾಯನಿಕದ ಹೆಸರು, ಸಾಂದ್ರತೆ, ಪ್ರಮಾಣ, ಉಪಕರಣದ ಹೆಸರು ಇವನ್ನು ಮುಟ್ಟಲೇಬೇಡಿ. ಅವು ಕೆಂಪಾದರೆ ಆಗಲಿ.

ಈಗ ಒಂದು ಪ್ರಶ್ನೆ. ಆ ಪ್ಯಾರಾ ಎಲ್ಲಿಂದ ಬಂತು? ನಿಮ್ಮ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಎಷ್ಟು ಗ್ರಾಂ ಮಣ್ಣು ಅಂತ ಇದೆ?

ಪ್ರಶ್ನೆ ಕೇಳಿದವರು: ನಿಜ ಹೇಳುತ್ತೇನೆ ಮೇಡಂ. ಸೀನಿಯರ್ ಒಬ್ಬರ ಥೀಸಿಸ್‌ನಿಂದ ತೆಗೆದುಕೊಂಡಿದ್ದು. ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ. ಅದರಲ್ಲಿ 1 ಗ್ರಾಂ ಅಂತ ಇದೆ. ನೋಟ್‌ಬುಕ್ ತೆಗೆದು ನೋಡಿದೆ, ನನ್ನದು 0.5 ಗ್ರಾಂ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಗೊಬ್ಬರ ಹಾಕಿದ ಎರಡು ಹೊಲದ ಮಣ್ಣು 1 ಗ್ರಾಂ ಹಾಕಿದಾಗ, ಆಮ್ಲ ಬಿದ್ದ ಸ್ವಲ್ಪ ಹೊತ್ತಿಗೇ ಕಿತ್ತಳೆ ಬಣ್ಣ ಹೋಗಿ ಫ್ಲಾಸ್ಕ್ ಹಸಿರಾಯಿತು. ಆಮೇಲೆ ಎಲ್ಲ ಮಾದರಿಗೂ 0.5 ಗ್ರಾಂ ತೆಗೆದುಕೊಂಡೆ.

ಲ್ಯಾಬಿನವರು: ನೋಡಿ, ಕೆಂಪು ಬಣ್ಣಕ್ಕಿಂತ ದೊಡ್ಡ ತೊಂದರೆ ಇದೇ. ಆ ಪ್ಯಾರಾ ನಿಮ್ಮದಲ್ಲ ಅನ್ನೋದು ಹಾಗಿರಲಿ, ನಿಮ್ಮ ಕೆಲಸದ ಬಗ್ಗೆ ಅದು ಹೇಳುತ್ತಿರುವುದೇ ತಪ್ಪು. ಲೆಕ್ಕ ಹಾಕೋಣ.

```
OC (%) = 10 × (B − S) / B × 0.003 × 100 / W
```

OC ಅಂದರೆ ಸಾವಯವ ಇಂಗಾಲ, B ಬ್ಲ್ಯಾಂಕಿನ ಟೈಟ್ರೇಶನ್‌ಗೆ ಖರ್ಚಾದ ಮಿ.ಲೀ., S ಮಣ್ಣಿನ ಫ್ಲಾಸ್ಕಿಗೆ ಖರ್ಚಾಗಿದ್ದು, W ಮಣ್ಣಿನ ತೂಕ. ಬ್ಲ್ಯಾಂಕಿಗೆ 20, ಮಣ್ಣಿಗೆ 17 ಬಂತು ಅಂದುಕೊಳ್ಳಿ. 0.5 ಗ್ರಾಂ ಆದರೆ ಶೇ. 0.90. ಪರೀಕ್ಷಕರು ನಿಮ್ಮ ಪ್ಯಾರಾ ನಂಬಿ 1 ಗ್ರಾಂ ಹಾಕಿದರೆ ಶೇ. 0.45. ನಮ್ಮಲ್ಲಿ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ ಅಲ್ವಾ? ಒಂದೇ ಹೊಲ, ಒಂದು ಕಡೆ ಬಡ ಮಣ್ಣು, ಇನ್ನೊಂದು ಕಡೆ ಫಲವತ್ತಾದ ಮಣ್ಣು.

ಹಾಗಾಗಿ ಸೀನಿಯರ್ ಥೀಸಿಸ್ ಮುಚ್ಚಿಡಿ. ಕಂಪ್ಯೂಟರಿನಲ್ಲೂ ಮುಚ್ಚಿ. ನೋಟ್‌ಬುಕ್ ಮಾತ್ರ ಮುಂದಿಟ್ಟುಕೊಂಡು, ನೀವು ಏನು ಮಾಡಿದಿರಿ ಅಂತ ಬರೆಯಿರಿ. ಥೀಸಿಸ್ ಇಂಗ್ಲಿಷಿನಲ್ಲಿರುತ್ತದೆ, ಧಾಟಿ ಗೊತ್ತಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ:

"ಸಾವಯವ ಇಂಗಾಲವನ್ನು ವಾಕ್ಲಿ ಮತ್ತು ಬ್ಲ್ಯಾಕ್ (1934) ವಿಧಾನದಲ್ಲಿ, ಒಂದು ಬದಲಾವಣೆಯೊಂದಿಗೆ ಅಳೆದೆವು. ಪ್ರೆಸ್‌ಮಡ್ ಹಾಕಿದ ಎರಡು ಹೊಲಗಳ ಮಣ್ಣಿನಲ್ಲಿ 1 ಗ್ರಾಮಿಗೆ ಡೈಕ್ರೊಮೇಟ್ ಪೂರ್ತಿ ಖರ್ಚಾಗಿ ದ್ರಾವಣ ಹಸಿರಾಯಿತು. ಆದ್ದರಿಂದ ಎಲ್ಲ ಮಾದರಿಗಳಿಗೂ 0.5 ಗ್ರಾಂ ತೆಗೆದುಕೊಂಡೆವು. 1 N ಪೊಟ್ಯಾಸಿಯಂ ಡೈಕ್ರೊಮೇಟ್ 10 ಮಿ.ಲೀ., ಸಾಂದ್ರ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ. ಸೇರಿಸಿ ಅರ್ಧ ಗಂಟೆ ಬಿಟ್ಟೆವು. ಉಳಿದ ಡೈಕ್ರೊಮೇಟನ್ನು 0.5 N ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಟ್ ಮಾಡಿದೆವು. ಪ್ರತಿ ಸರದಿಗೂ ಎರಡು ಬ್ಲ್ಯಾಂಕ್ ಇಟ್ಟೆವು."

ಬ್ಲ್ಯಾಂಕ್ ಎರಡು ಅನ್ನೋದು ನನ್ನ ಊಹೆ, ನಿಮ್ಮ ಪುಸ್ತಕದಲ್ಲಿ ಇದ್ದದ್ದನ್ನು ಹಾಕಿ. ಇದರಲ್ಲಿ ಮೂರನೇ ವಾಕ್ಯದವರೆಗೂ ಬೇರೆ ಯಾರ ಥೀಸಿಸ್‌ನಲ್ಲೂ ಸಿಗೋ ಮಾತಲ್ಲ. ನಾಲ್ಕು, ಐದನೆಯದು ಸ್ವಲ್ಪ ಹೋಲುತ್ತವೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಇನ್ನೊಂದು, ಈ ವಿಧಾನ ಮಣ್ಣಿನ ಇಂಗಾಲವನ್ನೆಲ್ಲ ಹಿಡಿಯಲ್ಲ, ಸರಾಸರಿ ಶೇ. 77 ಅಷ್ಟೇ. ಅದಕ್ಕೆ ಕೆಲವರು ಸುಮಾರು 1.3ರಿಂದ ಗುಣಿಸುತ್ತಾರೆ. ಗುಣಿಸಿದಿರೋ ಇಲ್ಲವೋ ಅಂತ ಒಂದು ಸಾಲು ಬರೆಯಿರಿ. ನಕಲು ಪ್ಯಾರಾಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

ಮಂಡ್ಯ, ಶಿಕ್ಷಣಶಾಸ್ತ್ರದವರು: ನನ್ನದೂ ಇದೇ ಗೋಳು. ಬೇರೆಯವರು ಸಿದ್ಧಪಡಿಸಿದ ಪ್ರಶ್ನಾವಳಿ ಬಳಸಿದ್ದೆ, 40 ಪ್ರಶ್ನೆಗಳೂ ಕೆಂಪಾದವು. ಪ್ರಶ್ನೆಗಳನ್ನೆಲ್ಲ ನನ್ನ ಮಾತಿನಲ್ಲಿ ಬರೆದುಬಿಡಲಾ?

ಲ್ಯಾಬಿನವರು: ನನ್ನ ಕ್ಷೇತ್ರ ಅಲ್ಲ ಸರ್, ಆದರೆ ಅದು ಬೇಡ ಅನಿಸುತ್ತದೆ. ಮಕ್ಕಳು ಉತ್ತರಿಸಿದ್ದು ಆ ಪದಗಳಿಗೆ. ಈಗ ಪದ ಬದಲಾಯಿಸಿದರೆ ಕೇಳದ ಪ್ರಶ್ನೆ ಕೇಳಿದೆವು ಅಂದಂತೆ. ಅನುಬಂಧಕ್ಕೆ ಹಾಕಿ, ಸಿದ್ಧಪಡಿಸಿದವರ ಹೆಸರು ಕೊಡಿ. ಗೈಡನ್ನು ಒಮ್ಮೆ ಕೇಳಿ.

ಮೈಸೂರಿನ ಉಪನ್ಯಾಸಕರು: ಆಕರದ ಬಗ್ಗೆ ಒಂದು ಮಾತು. ಸೀನಿಯರ್ ಥೀಸಿಸ್‌ನಿಂದ ಪ್ಯಾರಾ ತೆಗೆದವರು ಆಕರವನ್ನೂ ಅಲ್ಲಿಂದಲೇ ತೆಗೆದಿರುತ್ತಾರೆ. ಒಬ್ಬರ ಅಧ್ಯಾಯದಲ್ಲಿ ವಾಕ್ಲಿ-ಬ್ಲ್ಯಾಕ್ 1943 ಅಂತ ಇತ್ತು. ಅಂಕಿ ಅದಲುಬದಲಾಗಿತ್ತು. ಅದೇ ತಪ್ಪು ಅವರ ಸೀನಿಯರ್‌ನಲ್ಲೂ ಇತ್ತು, ಅವರ ಸೀನಿಯರ್‌ನಲ್ಲೂ ಇತ್ತು. ಮೂಲ ಲೇಖನ ಸಾಯಿಲ್ ಸೈನ್ಸ್ ಪತ್ರಿಕೆಯ 37ನೇ ಸಂಪುಟದಲ್ಲಿದೆ, 29ನೇ ಪುಟದಿಂದ. ತೆರೆದು ಓದಿ, ಆಮೇಲೆ ಹೆಸರು ಹಾಕಿ. ಮೂಲ ಓದದೆ ಮಣ್ಣಿನ ವಿಶ್ಲೇಷಣೆಯ ಜಾಕ್ಸನ್ ಪುಸ್ತಕ ನೋಡಿ ಮಾಡಿದ್ದರೆ ಜಾಕ್ಸನ್ ಹೆಸರನ್ನೇ ಹಾಕಬೇಕು.

ಲ್ಯಾಬಿನವರು: ಇಲ್ಲಿ ನಾನು ಪೂರ್ತಿ ಒಪ್ಪಲ್ಲ ಸರ್. ವಿಧಾನ ಕಂಡುಹಿಡಿದವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಎರಡೂ ಹಾಕಲಿ: ವಿಧಾನಕ್ಕೆ 1934, ಕೈಯಲ್ಲಿ ಹಿಡಿದು ಮಾಡಿದ ಕೈಪಿಡಿಗೆ ಕೈಪಿಡಿ.

ಉಪನ್ಯಾಸಕರು: ಓದದೇ ಇರುವುದನ್ನು ಓದಿದಂತೆ ತೋರಿಸುವುದು ನನಗೆ ಸರಿ ಕಾಣಲ್ಲ ಮೇಡಂ. 'ಜಾಕ್ಸನ್ ವಿವರಿಸಿದಂತೆ' ಅಂತಾದರೂ ಇರಲಿ.

ಪ್ರಶ್ನೆ ಕೇಳಿದವರು: ಎರಡು ದಿನ ಕೂತು ನೋಟ್‌ಬುಕ್ ನೋಡಿಯೇ ಬರೆದೆ. ಬ್ಲ್ಯಾಂಕ್ ಮೂರು ಇದ್ದವು. ನಾನು 1.3ರಿಂದ ಗುಣಿಸಿರಲಿಲ್ಲ, ಅದನ್ನೂ ಹೇಳಿದ್ದೇನೆ. ಈ ಪ್ಯಾರಾದಲ್ಲಿ ಈಗ ಕೆಂಪಾಗಿ ಉಳಿದಿರುವುದು ರಾಸಾಯನಿಕಗಳ ಹೆಸರು ಇರುವ ಎರಡು ತುಂಡು ಮಾತ್ರ. ಗೈಡ್ ಅದನ್ನು ಹಾಗೇ ಬಿಡಿ ಅಂದರು. 1934ರ ಲೇಖನ ತರಿಸಿಕೊಂಡು ಓದುತ್ತಿದ್ದೇನೆ. ಆದರೆ ರಂಜಕದ ಪ್ಯಾರಾ ತೆರೆದರೆ ಅಲ್ಲೂ ತೂಕ ನನ್ನ ನೋಟ್‌ಬುಕ್ಕಿಗೆ ಹೊಂದುತ್ತಿಲ್ಲ. ಇವತ್ತು ಅದನ್ನು ಹಿಡಿದು ಕೂರುತ್ತೇನೆ.