ಡ್ರಿಪ್ ಹಾಕಿಸಿದ ದಿನ ಮೀಟರ್‌ನಲ್ಲಿ 268, ಲ್ಯಾಬ್‌ನಲ್ಲಿ 71. ಯಾವುದನ್ನು ನಂಬೋದು?

ಪ್ರಶ್ನೆ, ದಾವಣಗೆರೆಯಿಂದ: ಅಪ್ಪನಿಗೆ 64 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಮಾತ್ರೆ ಜೊತೆ ರಾತ್ರಿ ಇನ್ಸುಲಿನ್. ಸಾಮಾನ್ಯವಾಗಿ 150ರ ಆಸುಪಾಸು ಇರುತ್ತದೆ. ಜ್ವರ ಬಂದು ಹೋದಮೇಲೆ ಸುಸ್ತು ಅಂತ ಒಂದು ಕಡೆ ಹೋಗಿ 25 ಗ್ರಾಂ ವಿಟಮಿನ್ ಸಿ ಡ್ರಿಪ್ ಹಾಕಿಸಿಕೊಂಡರು. 12 ಗಂಟೆಗೆ ಮುಗಿಯಿತು. 1 ಗಂಟೆಗೆ ಅಲ್ಲೇ ಪ್ಯಾಕೇಜ್ ಟೆಸ್ಟ್‌ಗೆ ರಕ್ತ ತೆಗೆದರು. ಮನೆಗೆ ಬಂದು 1.20ಕ್ಕೆ ಮೀಟರ್‌ನಲ್ಲಿ ನೋಡಿದರೆ 268. ಮಧ್ಯೆ ಏನೂ ತಿಂದಿರಲಿಲ್ಲ. ಅಣ್ಣ ಇನ್ಸುಲಿನ್ ಕೊಡೋಣ ಅಂದ, ನಾನು ತಡೆದೆ. ಸಂಜೆ ಲ್ಯಾಬ್ ರಿಪೋರ್ಟ್ ಬಂತು: 71! ರಾತ್ರಿ 9ಕ್ಕೆ ಮೀಟರ್ ತಾನಾಗಿಯೇ 176ಕ್ಕೆ ಇಳಿದಿತ್ತು.

ಮೆಡಿಕಲ್ ಶಾಪ್ ನಡೆಸುವವರು: ವಿಟಮಿನ್ ಸಿ ಇದ್ದರೆ ಮೀಟರ್ ಸುಳ್ಳು ಜಾಸ್ತಿ ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಚೀಟಿಯಲ್ಲೇ ಬರೆದಿರುತ್ತದೆ. ಲ್ಯಾಬ್‌ನ 71 ಸರಿ, ಅದನ್ನೇ ನಂಬಿ. 71 ಅಂದ್ರೆ ಕಮ್ಮಿ ಆಯ್ತು, ರಾತ್ರಿ ಇನ್ಸುಲಿನ್ ಕಡಿಮೆ ಮಾಡಿಸಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: ಮೊದಲರ್ಧ ಸರಿ ಸರ್. ಎರಡನೆಯದಕ್ಕೆ ಆತುರ ಬೇಡ. ದಾವಣಗೆರೆಯವರೇ, ಅದೇ ರಿಪೋರ್ಟ್‌ನಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್, ಕ್ರಿಯಾಟಿನಿನ್ ಎಷ್ಟಿದೆ ಹೇಳ್ತೀರಾ? ಹೋದ ಸಲದ್ದೂ ಇದ್ದರೆ ಹಾಕಿ.

ಪ್ರಶ್ನೆ ಕೇಳಿದವರು: ಕೊಲೆಸ್ಟ್ರಾಲ್ 83, ಹೋದ ವರ್ಷ 181. ಟ್ರೈಗ್ಲಿಸರೈಡ್ 14, ಆಗ 190. ಯೂರಿಕ್ ಆಸಿಡ್ 0.6, ಆಗ 5.9. ಕ್ರಿಯಾಟಿನಿನ್ 0.3, ಆಗ 1.3. ಡ್ರಿಪ್ ಹಾಕಿದವರು ರಿಪೋರ್ಟ್ ನೋಡಿ, "ನೋಡಿ ಅಂಕಲ್, ಒಂದೇ ಬಾಟಲಿಗೆ ಕೊಲೆಸ್ಟ್ರಾಲ್ ಎಷ್ಟು ಇಳಿದಿದೆ" ಅಂದರಂತೆ. ಅಪ್ಪ ಫುಲ್ ಖುಷಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: ಅಂದುಕೊಂಡೆ. 268ನ್ನೂ ನಂಬಬೇಡಿ, 71ನ್ನೂ ನಂಬಬೇಡಿ. ಅಣ್ಣನನ್ನು ತಡೆದಿದ್ದು ಒಳ್ಳೆಯದಾಯಿತು. ಇಲ್ಲದ ಸಕ್ಕರೆಗೆ ಇನ್ಸುಲಿನ್ ಹಾಕಿದ್ದರೆ ನಿಜವಾದ ಲೋ ಶುಗರ್ ಆಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಆಗಲೂ ಮೀಟರ್ ಜಾಸ್ತಿಯೇ ತೋರಿಸುತ್ತಿತ್ತು, ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಮೀಟರ್ ಕಥೆ ಹೀಗೆ. ಸ್ಟ್ರಿಪ್ ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ. ಸ್ಟ್ರಿಪ್‌ನಲ್ಲಿರುವ ಎನ್‌ಜೈಮ್ ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಮೀಟರ್ ಆ ಕರೆಂಟನ್ನು ಅಳೆಯುತ್ತದೆ. ವಿಟಮಿನ್ ಸಿಗೆ ಎನ್‌ಜೈಮೂ ಬೇಡ, ಅದು ತಾನಾಗಿಯೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಒಂದು ಸಕ್ಕರೆ ಕಣಕ್ಕೆ ಎರಡು, ಒಂದು ವಿಟಮಿನ್ ಸಿ ಕಣಕ್ಕೂ ಎರಡು. ತೂಕವೂ ಹತ್ತಿರ ಹತ್ತಿರ, 180 ಮತ್ತು 176. ಹಾಗಾಗಿ ತಡೆ ಇಲ್ಲದ ಸ್ಟ್ರಿಪ್‌ನಲ್ಲಿ ರಕ್ತದ 1 ಮಿಲಿಗ್ರಾಂ ವಿಟಮಿನ್ ಸಿ ಹೆಚ್ಚುಕಮ್ಮಿ 1 ಮಿಲಿಗ್ರಾಂ ಸಕ್ಕರೆಯಂತೆ ಕಾಣಬಹುದು. ಡ್ರಿಪ್ ಆದ ಒಂದು ಗಂಟೆಗೆ ರಕ್ತದಲ್ಲಿ ನೂರರ ಆಸುಪಾಸು ಇರುವುದು ಆಶ್ಚರ್ಯವಲ್ಲ. 150 ಇದ್ದದ್ದು 268 ಆಯಿತು. ಎಲ್ಲ ಸ್ಟ್ರಿಪ್ ಒಂದೇ ಥರ ಅಲ್ಲ, ಅದಕ್ಕೆ ಕಳೆದು ಲೆಕ್ಕ ಹಾಕಿ ಇನ್ಸುಲಿನ್ ಕೊಡಬೇಡಿ.

ಇನ್ನು ಲ್ಯಾಬ್. ನಮ್ಮಲ್ಲಿ ಬಹಳ ಕಡೆ ಶುಗರ್‌ಗೆ ಬಳಸುವುದು ಜಿಒಡಿ-ಪಿಒಡಿ ಕಿಟ್. ಅದರಲ್ಲಿ ಸಕ್ಕರೆಯಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಪೆರಾಕ್ಸೈಡ್‌ನಿಂದ ಗುಲಾಬಿ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢವೋ ಸಕ್ಕರೆ ಅಷ್ಟು. ವಿಟಮಿನ್ ಸಿ ಆ ಪೆರಾಕ್ಸೈಡನ್ನು ಮಧ್ಯದಲ್ಲೇ ತಿಂದು ಹಾಕುತ್ತದೆ. ಬಣ್ಣ ತಿಳಿಯಾಗುತ್ತದೆ, ಮಷೀನ್ ಕಮ್ಮಿ ಓದುತ್ತದೆ. ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್‌ಗೂ ಇದೇ ಬಣ್ಣದ ದಾರಿ. ಕ್ರಿಯಾಟಿನಿನ್‌ನ ಎನ್‌ಜೈಮ್ ಕಿಟ್‌ಗೂ ಇದೇ. ಅದಕ್ಕೇ ಕೇಳಿದ್ದು. ಒಂದೇ ದಿನ ಈ ನಾಲ್ಕೂ ಒಟ್ಟಿಗೆ ಪಾತಾಳಕ್ಕೆ ಇಳಿದರೆ ಅದು ದೇಹದಲ್ಲಿ ಆದದ್ದಲ್ಲ, ಟ್ಯೂಬಿನಲ್ಲಿ ಆದದ್ದು. ಟ್ರೈಗ್ಲಿಸರೈಡ್ 14 ಕಂಡರೆ ನಾನಾದರೆ ರಿಪೋರ್ಟ್ ತಡೆದು, "ಡ್ರಿಪ್ ಏನಾದ್ರೂ ಹಾಕಿಸಿಕೊಂಡಿದ್ರಾ?" ಅಂತ ಫೋನ್ ಮಾಡುತ್ತೇನೆ.

ಶುಗರ್‌ಗೆ ಹೆಕ್ಸೊಕೈನೇಸ್ ವಿಧಾನ ಬಳಸುವ ಲ್ಯಾಬ್‌ಗಳಿವೆ. ಅದರಲ್ಲಿ ಪೆರಾಕ್ಸೈಡ್ ಪ್ರಶ್ನೆಯೇ ಇಲ್ಲ, ಈ ತೊಂದರೆ ಬಹುತೇಕ ಬರುವುದಿಲ್ಲ. ರಿಪೋರ್ಟ್‌ನಲ್ಲಿ ಟೆಸ್ಟ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ವಿಧಾನ ಬರೆದಿರುತ್ತಾರೆ.

ನಿವೃತ್ತ ಮೇಷ್ಟ್ರು, ಶಿರಸಿ: ಹಾಗಾದರೆ ನನ್ನ ಶುಗರೂ ಸುಳ್ಳೇ? ದಿನಾ ನೆಲ್ಲಿಕಾಯಿ ರಸ ಕುಡಿಯುತ್ತೇನೆ. ವಿಟಮಿನ್ ಸಿ ಮಾತ್ರೆ 500 ಒಂದು. ಮೊನ್ನೆ ಮೂಸಂಬಿ ಸುಲಿದು ಟೆಸ್ಟ್ ಮಾಡಿದೆ, 240 ಬಂತು. ಕೈ ತೊಳೆದು ಬಂದು ಮಾಡಿದೆ, 158. ಮೂಸಂಬಿಯ ವಿಟಮಿನ್ ಸಿ ಇಷ್ಟು ಬೇಗ ಇಳಿಯಿತೇ?

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: ಮೇಷ್ಟ್ರೇ, ಅದು ಬೆರಳಿಗೆ ಅಂಟಿದ ಮೂಸಂಬಿ ಸಕ್ಕರೆ! ರಕ್ತದ ಹನಿ ಎಷ್ಟು ಚಿಕ್ಕದು ಅಂದರೆ ಒಣಗಿದ ರಸ ಒಂಚೂರು ಸೇರಿದರೂ ಸಾಕು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಪೂರ್ತಿ ಹೋಗುವುದಿಲ್ಲ, ನೀರಲ್ಲೇ ತೊಳೆದು ಒರೆಸಿಕೊಳ್ಳಬೇಕು.

ನಿಮ್ಮ ಮಾತ್ರೆಗೆ ಹೆದರಬೇಡಿ. ಬಾಯಿಂದ ತಗೊಂಡರೆ ಕರುಳು ಒಂದು ಮಟ್ಟದ ಮೇಲೆ ಒಳಗೆ ಬಿಡುವುದಿಲ್ಲ, ಬಂದ ಹೆಚ್ಚುವರಿಯನ್ನು ಕಿಡ್ನಿ ಹೊರಗೆ ಹಾಕುತ್ತದೆ. 500ರ ಮಾತ್ರೆ ತಿನ್ನುವವರ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಮಿಲಿಗ್ರಾಂ ಆಸುಪಾಸು ಇರುತ್ತದೆ. ಗ್ರಾಂಗಟ್ಟಲೆ ನುಂಗಿದರೂ ನಾಲ್ಕು ದಾಟುವುದು ಕಷ್ಟ. ಡ್ರಿಪ್ ಕರುಳನ್ನು ದಾಟಿಯೇ ಹೋಗುತ್ತದೆ, ಅಲ್ಲೇ ಎಡವಟ್ಟು. ಮಾತ್ರೆ ತಿನ್ನುವವರಿಗೆ ಮೋಸ ಮಾಡುವುದು ಯೂರಿನ್ ಸ್ಟ್ರಿಪ್. ಕಿಡ್ನಿ ಹೊರಹಾಕಿದ್ದು ಅಲ್ಲಿಗೇ ಹೋಗುವುದರಿಂದ, ಮೂತ್ರದಲ್ಲಿ ಸಕ್ಕರೆ ಅಥವಾ ರಕ್ತ ಇದ್ದರೂ ಇಲ್ಲ ಅನ್ನಬಹುದು.

ನ್ಯೂಜೆರ್ಸಿಯಿಂದ ಒಬ್ಬರು: ನಾನು ತೋಳಿಗೆ ಸೆನ್ಸರ್ ಹಾಕಿಕೊಳ್ಳುತ್ತೇನೆ. ನನಗೆ ಮಾತ್ರೆಯಿಂದಲೇ ಏರುತ್ತದೆ, ಬೆರಳಿನ ಮೀಟರ್ ಸರಿ ಇರುತ್ತದೆ. ಕೂದಲಿಗೆ ಬಯೋಟಿನ್ 10 ಮಿಲಿಗ್ರಾಂ ಕೂಡ ತಗೊಳ್ತೀನಿ, ಅದೂ ಕಾರಣ ಇರಬಹುದಾ?

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: ಸೆನ್ಸರ್ ಲೆಕ್ಕ ಬೇರೆ. ಕೆಲವು ಸೆನ್ಸರ್‌ಗಳ ಜೊತೆ ಬರುವ ಚೀಟಿಯಲ್ಲೇ ದಿನಕ್ಕೆ ಇಷ್ಟು ಮಿಲಿಗ್ರಾಂ ದಾಟಬೇಡಿ ಅಂತ ಇದೆ. ಒಂದರಲ್ಲಿ 500, ಇನ್ನೊಂದರಲ್ಲಿ 1000. ನಿಮ್ಮದನ್ನು ನೋಡಿ. ಬಯೋಟಿನ್ ಶುಗರ್ ಗೋಜಿಗೆ ಹೋಗುವುದಿಲ್ಲ, ಅದು ಕೆಡಿಸುವುದು ಕೆಲವು ಮಷೀನ್‌ಗಳ ಥೈರಾಯ್ಡ್ ಟೆಸ್ಟ್. ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಬಂದು, ಇಲ್ಲದ ಹೈಪರ್ ಥೈರಾಯ್ಡ್ ಇದ್ದ ಹಾಗೆ ಕಾಣುತ್ತದೆ. ನಿಮ್ಮ ಡೋಸ್‌ಗೆ ಕನಿಷ್ಠ ಎರಡು ದಿನ ಬಿಟ್ಟು ರಕ್ತ ಕೊಡಿ, ಲ್ಯಾಬ್‌ನವರಿಗೆ ಹೇಳಿಯೂ ಬಿಡಿ.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಮತ್ತೆ ಯಾವಾಗ ಟೆಸ್ಟ್ ಮಾಡಿಸಲಿ?

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: ಕಿಡ್ನಿ ಚೆನ್ನಾಗಿದ್ದರೆ ಒಂದು ದಿನ ಸಾಕು. ರಾತ್ರಿ 9ಕ್ಕೆ ತಾನಾಗಿ ಇಳಿದಿದ್ದು ಅದಕ್ಕೇ. ಆದರೆ ಕಿಡ್ನಿ ಹೇಗಿದೆ ಅಂತ ಹೇಳುವುದು ಕ್ರಿಯಾಟಿನಿನ್, ಅದರ ಹಳೆಯ 1.3 ನನಗೆ ಸ್ವಲ್ಪ ಚಿಂತೆ. ಕಿಡ್ನಿ ಸೋತಿದ್ದರೆ ವಿಟಮಿನ್ ಸಿ ದಿನಗಟ್ಟಲೆ ಉಳಿಯುತ್ತದೆ. ಮೂರು ದಿನ ಬಿಟ್ಟು ಕೊಡಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ: ಶುಗರ್ 152, ಕೊಲೆಸ್ಟ್ರಾಲ್ 178, ಟ್ರೈಗ್ಲಿಸರೈಡ್ 186, ಯೂರಿಕ್ ಆಸಿಡ್ 6.1. ಕ್ರಿಯಾಟಿನಿನ್ 1.5. ಅಪ್ಪನಿಗೆ ಬೇಜಾರು. ಡ್ರಿಪ್ ಹಾಕಿಸಿಕೊಂಡಮೇಲೆ ಲವಲವಿಕೆ ಬಂದಿತ್ತು, ಇನ್ನೊಂದು ಹಾಕಿಸಿಕೊಳ್ಳುತ್ತೇನೆ ಅಂತಿದ್ದಾರೆ.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು: 1.5 ಇಟ್ಟುಕೊಂಡು ಇನ್ನೊಂದು ಬಾಟಲಿ ಬೇಡ. ವಿಟಮಿನ್ ಸಿ ಒಡೆದು ಆಕ್ಸಲೇಟ್ ಆಗುತ್ತದೆ, ಅದು ಕೂರುವುದು ಕಿಡ್ನಿಯಲ್ಲೇ. ಜಿ6ಪಿಡಿ ಎಂಬ ಎನ್‌ಜೈಮ್‌ನ ಕೊರತೆ ಇದ್ದವರಿಗೆ ಇಷ್ಟು ಡೋಸ್ ಕೊಟ್ಟರೆ ಕೆಂಪು ರಕ್ತಕಣ ಒಡೆಯುತ್ತವೆ, ಆ ಟೆಸ್ಟ್ ಮಾಡಿದ್ದರಾ ಅಂತಲೂ ಕೇಳಿ. 1.3ರಿಂದ 1.5 ಆಗಿದ್ದು ಒಂದು ವರ್ಷದಲ್ಲೋ, ಜ್ವರದಿಂದಲೋ, ಡ್ರಿಪ್‌ನಿಂದಲೋ ನಾನು ಇಲ್ಲಿಂದ ಹೇಳಲಾರೆ. ಎರಡೂ ರಿಪೋರ್ಟ್ ಹಿಡಿದುಕೊಂಡು ಈ ವಾರವೇ ಡಾಕ್ಟರ್ ಹತ್ತಿರ ಹೋಗಿ. 0.3 ಇರುವ ರಿಪೋರ್ಟ್ ಮೇಲೆ ಪೆನ್ನಿನಲ್ಲಿ "ಡ್ರಿಪ್ ಆದ ಒಂದು ಗಂಟೆಗೆ ತೆಗೆದದ್ದು" ಅಂತ ಬರೆದುಬಿಡಿ.