ಮಾರುವುದಿಲ್ಲ ಅಂದ ಮಾತ್ರಕ್ಕೆ ಅಮೋರ್ಟೈಸ್ಡ್ ಕಾಸ್ಟ್ ಆಗುತ್ತಾ?

ಪ್ರಶ್ನೆ (ಪಿಂಪ್ರಿ, ಅಕೌಂಟ್ಸ್ ವಿಭಾಗ): ಚಾಕಣದ ಒಂದು ಖಾಸಗಿ ಕಂಪನಿಯ ಡಿಬೆಂಚರಿನಲ್ಲಿ ನಾವು 2 ಕೋಟಿ ಹಾಕಿದ್ದೇವೆ. 3 ವರ್ಷ, ವರ್ಷಕ್ಕೆ 6% ಬಡ್ಡಿ. ಕೊನೆಗೆ ದುಡ್ಡಿನ ಬದಲು 2 ಲಕ್ಷ ಷೇರು ಕೇಳಬಹುದು. ಮಾರುವ ಯೋಚನೆಯೇ ಇಲ್ಲ ಅಂತಾರೆ ಸಾಹೇಬರು. ಅಮೋರ್ಟೈಸ್ಡ್ ಕಾಸ್ಟ್ ತಾನೇ?

ಕೋಥ್ರುಡ್‌ನ ಸಿಎ: ಅಲ್ಲ. ಸಾಹೇಬರ ಮಾತು ಒಂದು ಪರೀಕ್ಷೆಗೆ ಮಾತ್ರ ಉತ್ತರ. ಇಂಡ್ ಎಎಸ್ 109ರಲ್ಲಿ ಇನ್ನೊಂದಿದೆ: ಕರಾರಿನ ಪ್ರಕಾರ ಬರುವ ದುಡ್ಡು ಬರೀ ಅಸಲು ಮತ್ತು ಬಡ್ಡಿಯೇ ಆಗಿರಬೇಕು. ಎರಡೂ ಪಾಸಾಗಬೇಕು. ಆ ಕಂಪನಿಗೆ ಸಾದಾ ಡಿಬೆಂಚರು ಅಂದರೆ ಎಷ್ಟು ಬಡ್ಡಿ ಬೀಳುತ್ತಿತ್ತು, ಕೇಳಿದ್ದೀರಾ?

ಪಿಂಪ್ರಿ: ಅವರ ಬ್ಯಾಂಕ್ ಸಾಲ 11% ಇದೆ ಸರ್.

ಕೋಥ್ರುಡ್‌ನ ಸಿಎ: ಹಾಗಾದರೆ ಅದೇ 11% ಹಿಡಿದು ಲೆಕ್ಕ ಹಾಕಿ. ವರ್ಷಕ್ಕೆ 12 ಲಕ್ಷ ಬಡ್ಡಿ, ಕೊನೆಗೆ 2 ಕೋಟಿ, ಇವತ್ತಿನ ಬೆಲೆ ಸುಮಾರು 1.76 ಕೋಟಿ ಬರುತ್ತೆ. ಉಳಿದ 24 ಲಕ್ಷ ನೀವು ಸುಮ್ನೆ ಕೊಟ್ಟಿಲ್ಲ, ಷೇರು ಕೇಳುವ ಹಕ್ಕಿಗೆ ಕೊಟ್ಟಿದ್ದೀರಿ. ಷೇರಿನ ಸಂಖ್ಯೆ 2 ಲಕ್ಷ ಅಂತ ಕಟ್ಟಿಹಾಕಿರುವುದರಿಂದ ಆ ಕಂಪನಿ ಬೆಳೆದಷ್ಟೂ ನಿಮಗೆ ಲಾಭ. ಅದು ಬಡ್ಡಿ ಅಲ್ಲ, ಅದಕ್ಕೇ ಪೂರ್ತಿ ಡಿಬೆಂಚರು ಫೇರ್ ವ್ಯಾಲ್ಯೂಗೆ ಹೋಗುತ್ತೆ, ಏರಿಳಿತ ಲಾಭ-ನಷ್ಟದಲ್ಲಿ.

ಹಡಪ್ಸರದಿಂದ: ಪೂರ್ತಿ ಯಾಕೆ ಸರ್? ಆ 24 ಲಕ್ಷ ಬೇರೆ ಮಾಡಿ ಉಳಿದದ್ದನ್ನು ಅಮೋರ್ಟೈಸ್ಡ್ ಕಾಸ್ಟ್‌ನಲ್ಲೇ ಇಡಬಹುದಲ್ವಾ? ನಮ್ಮಲ್ಲಿ ಹಾಗೇ ಮಾಡಿದ್ದೆವು.

ಕೋಥ್ರುಡ್‌ನ ಸಿಎ: ನೀವು ಡಿಬೆಂಚರು ಕೊಟ್ಟ ಕಂಪನಿ ಆಗಿದ್ದಿರಬೇಕು. ಸಾಲ ತೆಗೆದುಕೊಂಡವರು ಹೀಗೆ ಒಡೆಯುತ್ತಾರೆ, ಸರಿ. ದುಡ್ಡು ಹಾಕಿದವರ ಪುಸ್ತಕದಲ್ಲಿ 109ರ ಪ್ರಕಾರ ಒಡೆಯುವ ಹಾಗಿಲ್ಲ, ಇಡೀ ಪತ್ರವನ್ನೇ ನೋಡಬೇಕು. ಒಂದೇ ಡಿಬೆಂಚರಿಗೆ ಎರಡೂ ಕಡೆ ಬೇರೆ ಬೇರೆ ಲೆಕ್ಕ, ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಮಡಗಾಂವದಿಂದ: ನಾವು ಲಿಕ್ವಿಡ್ ಫಂಡ್‌ನಲ್ಲಿ ಇಟ್ಟಿದ್ದೇವೆ, 2 ವರ್ಷದಿಂದ ಒಂದು ಯೂನಿಟ್ಟೂ ಮಾರಿಲ್ಲ. ನಮ್ಮದಾದರೂ ಅಮೋರ್ಟೈಸ್ಡ್ ಕಾಸ್ಟ್ ಆಗುತ್ತಾ?

ಕೋಥ್ರುಡ್‌ನ ಸಿಎ: ಇಲ್ಲ ಮೇಡಂ. ಯೂನಿಟ್ ಕೊಟ್ಟಾಗ ಅವತ್ತಿನ ಎನ್‌ಎವಿ ಬರುತ್ತೆ, ಇಂತಿಷ್ಟು ಅಸಲು, ಇಂತಿಷ್ಟು ಬಡ್ಡಿ ಅಂತ ಕರಾರೇ ಇಲ್ಲ. ಫೇರ್ ವ್ಯಾಲ್ಯೂನೇ.

ಪಿಂಪ್ರಿ: ಸರ್, ಈಗ ಕರಾರು ತೆಗೆದು ನೋಡಿದೆ. 2 ಲಕ್ಷ ಷೇರು ಅನ್ನುವುದು ಮೊದಲ ಕರಡಿನಲ್ಲಿತ್ತು. ಸಹಿ ಆದದ್ದರಲ್ಲಿ "ಬಾಕಿ ಮೊತ್ತಕ್ಕೆ ಸಮನಾದ ಷೇರುಗಳು, ಅಂದಿನ ಬೆಲೆಯಲ್ಲಿ" ಅಂತಿದೆ.

ಕೋಥ್ರುಡ್‌ನ ಸಿಎ: ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು. ಹಾಗಿದ್ದರೆ ಷೇರು ಬರೀ ದುಡ್ಡಿನ ಬದಲಿ, ಬಾಕಿಗಿಂತ ಹೆಚ್ಚು ನಿಮಗೆ ಸಿಗುವುದಿಲ್ಲ, ಪರೀಕ್ಷೆ ಪಾಸಾಗಲೂಬಹುದು. ಆದರೆ 11ರ ಜಾಗದಲ್ಲಿ 6ಕ್ಕೆ ಯಾಕೆ ಒಪ್ಪಿದಿರಿ? ಬೆಲೆಗೆ ಮೇಲ್ಮಿತಿ ಅಥವಾ ರಿಯಾಯಿತಿ ಎಲ್ಲೋ ಕೂತಿರಬೇಕು. ಆ ಪುಟದ ಫೋಟೋ ಹಾಕಿ, ಹೆಸರು ಮುಚ್ಚಿ.